ಎತ್ತು ಏರಿಗೆ, ಕೋಣ ನೀರಿಗೆ: ಹತ್ತನೇ ಮುಗಿದ ಮನೆಯೊಳಗಿನ ಗಾದೆಗಳು

(ಕಲಬುರಗಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಮತ್ತು ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ)

ಮಕ್ಕಳೇ, ಪಾಲಕರೇ,

ಒಂದು ಮನೆಯ ಕಟ್ಟೆಯಿಂದ ಮಾತು ಶುರು ಮಾಡುತ್ತೇನೆ. ಚಿತ್ತಾಪುರ ತಾಲೂಕಿನ ಒಂದು ಹಳ್ಳಿ. ಹೊತ್ತು ಮುಳುಗಿದ್ದರೂ ಕಟ್ಟೆಯ ಶಹಾಬಾದ ಪರಸಿ ಇನ್ನೂ ಕಾಯ್ದೇ ಇತ್ತು. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಾಗ ನನ್ನ ಕೈಯಲ್ಲಿ ಓದಿದ ಹುಡುಗ ಈಗ ಆ ಮನೆಯ ಯಜಮಾನ. ನಾಲ್ಕು ಎಕರೆ ಒಣಬೇಸಾಯ, ತೊಗರಿ ಬೆಳೆಯುತ್ತಾನೆ. ಅವನ ಮಗಳು ಹತ್ತನೇ ಪಾಸಾಗಿದ್ದಳು. 'ಸರ್, ಒಮ್ಮೆ ಬಂದು ಹೋಗ್ರಿ, ಮನ್ಯಾಗ ಮಾತು ಬಗಿಹರೀಲಾಕ ತಯಾರಿಲ್ಲ' ಎಂದು ಕರೆದಿದ್ದ.

ನಾನು ಹೋದಾಗ ಬೀಗರು, ಬಂಧುಗಳು ಎಲ್ಲ ಕೂತಿದ್ದರು. ಹೈದರಾಬಾದಿನಲ್ಲಿ ಕಾರು ಓಡಿಸುವ ಸೋದರಮಾವ ಮೊದಲು ಶುರು ಮಾಡಿದ. 'ಎಂಬತ್ಮೂರು ಪರ್ಸೆಂಟ್ ತಗೊಂಡಾಳ. ಬೆಳೆಯೋ ಸಿರಿ ಮೊಳಕ್ಯಾಗೇ ಕಾಣ್ತದ. ಸೈನ್ಸ್ ಬಿಟ್ಟು ಬ್ಯಾರೆ ಮಾತೇ ಬ್ಯಾಡ.'

ಕಲಬುರಗಿಯ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕಾಕಾ ತಲೆ ಅಲ್ಲಾಡಿಸಿದ. 'ದೂರದ ಬೆಟ್ಟ ನುಣ್ಣಗ ಕಾಣ್ತದ. ಹತ್ತಿದಾಗ ಕಲ್ಲು ಮುಳ್ಳು ಗೊತ್ತಾಗ್ತಾವ. ಕಾಮರ್ಸ್ ಓದಲಿ.'

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಮಾಡುವ ದೊಡ್ಡಪ್ಪ: 'ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು. ಡಿಪ್ಲೊಮಾಕ್ಕ ಹಚ್ರಿ, ಮೂರು ವರ್ಷಕ್ಕ ಕೈಗಿ ಬರ್ತಾಳ.'

ಬೀದರ್ ಜಿಲ್ಲೆಗೆ ಮದುವೆಯಾಗಿ ಹೋಗಿ ಅಲ್ಲಿ ಅಂಗನವಾಡಿ ನಡೆಸುವ ಸೋದರತ್ತೆ: 'ಹಿರಿಯಕ್ಕನ ಚಾಳಿ ಮನಿಮಂದಿಗೆಲ್ಲ ಅಂತಾರ. ಇವಳಕ್ಕ ಸೈನ್ಸ್ ತಗೊಂಡು ಏನಾಯ್ತು? ಆರ್ಟ್ಸ್ ಓದಿ ಟೀಚರ್ ಆಗಲಿ.' ಅಕ್ಕ ಮೊದಲ ಪಿಯುಸಿಯಲ್ಲಿ ಫೇಲಾಗಿ ಓದು ಬಿಟ್ಟಿದ್ದಳು. ಆ ಮಾತು ಬಂದಾಗ ಅಕ್ಕ ಎದ್ದು ಒಳಗೆ ಹೋದಳು. ಅದನ್ನು ನೋಡಿ ನನಗೆ ಬಹಳ ನೋವಾಯಿತು.

ಕೊನೆಗೆ ಅಪ್ಪ ನನ್ನ ಕಡೆ ತಿರುಗಿದ. 'ನೋಡ್ರಿ ಸರ್, ಎತ್ತು ಏರಿಗಿ ಎಳದ್ರ ಕ್ವಾಣ ನೀರಿಗಿ ಎಳೀಲಾಕತ್ತದ. ನೀವೇ ಒಂದು ಹೇಳ್ರಿ.'

ಒಂದು ತಾಸಿನಲ್ಲಿ ಐದು ಗಾದೆ ಬಿದ್ದವು. ಬಾಗಿಲ ಪಕ್ಕ ಕೂತ ಹುಡುಗಿ ಒಂದೂ ಮಾತು ಆಡಿರಲಿಲ್ಲ.

ಇವತ್ತು ಆ ಐದು ಗಾದೆಗಳ ಬಗ್ಗೆಯೇ ಮಾತಾಡುತ್ತೇನೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಂಬಿದ ಜನ ನಾವು. ಅದಕ್ಕೇ ಗಾದೆ ಬಿದ್ದ ಕೂಡಲೇ ಮಾತು ಮುಗಿಯಿತು ಅಂದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ ಪ್ರತಿ ಗಾದೆಯ ಹೊಟ್ಟೆಯಲ್ಲೂ ಹೋಗಿ ನೋಡಿ ಬರಬಹುದಾದ, ಅಳೆದು ತಿಳಿಯಬಹುದಾದ ಒಂದು ಸಂಗತಿ ಇರುತ್ತದೆ. ಯಾರೂ ಅದನ್ನು ಅಳೆಯಲು ಹೋಗುವುದಿಲ್ಲ. ಆ ಮನೆಯಲ್ಲಿ ನಾವು ಅಳೆದೆವು.

ಮೊದಲು ಎತ್ತು ಮತ್ತು ಕೋಣ. ಈ ಗಾದೆಯನ್ನು ಜಗಳಕ್ಕೆ ಬಳಸುತ್ತೇವೆ, ಒಬ್ಬರಿಗೊಬ್ಬರು ಹೊಂದುವುದಿಲ್ಲ ಎನ್ನುವುದಕ್ಕೆ. ಹೊಲ ಹೂಡಿದವರು ಇನ್ನೊಂದನ್ನೂ ಬಲ್ಲರು. ಕೋಣ ಹಟಕ್ಕೆ ನೀರಿನ ಕಡೆ ಎಳೆಯುವುದಿಲ್ಲ. ಅದರ ಕಪ್ಪು ತೊಗಲು ಬಿಸಿಲು ಹೀರುತ್ತದೆ, ಎತ್ತಿನಷ್ಟು ಬೆವರುವುದಿಲ್ಲ, ಮೈ ತಣಿಯಬೇಕಾದರೆ ಅದಕ್ಕೆ ಕೆಸರು ನೀರು ಬೇಕು. ಎತ್ತಿಗೆ ಒಣ ನೆಲ ಸಲೀಸು. ಎರಡೂ ತಮ್ಮ ಮೈ ಕೇಳಿದ ಕಡೆ ಎಳೆಯುತ್ತವೆ.

ಕಟ್ಟೆಯ ಮೇಲೆ ಕೂತವರನ್ನು ಹಾಗೆ ನೋಡಿ. ಮಾವ ದಿನವೂ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಗಳ ಗೇಟಿನವರೆಗೆ ಜನರನ್ನು ಬಿಟ್ಟು ಬರುತ್ತಾನೆ. ಅವನ ಕಣ್ಣಿಗೆ ಓದು ಎಂದರೆ ಆ ಗೇಟಿನ ಒಳಗೆ ಹೋಗುವವರು. ದೊಡ್ಡಪ್ಪ ಧೂಳಿನಲ್ಲಿ ನಿಂತು ದುಡಿಯುವಾಗ ಅವನಿಗೆ ಕೆಲಸ ಹೇಳುವವನು ಡಿಪ್ಲೊಮಾ ಮಾಡಿದ ಇಪ್ಪತ್ತೈದರ ಹುಡುಗ. ಅತ್ತೆಯ ಮುಂದೆ ದಿನವೂ ಕಾಣುವುದು ಪಕ್ಕದ ಶಾಲೆಯ ಟೀಚರು, ಅವರ ಸಂಬಳ, ಅವರಿಗೆ ಊರು ಕೊಡುವ ಮರ್ಯಾದೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬೊಬ್ಬರೂ ತಾವು ನಿಂತ ಜಾಗದಿಂದ ಕಂಡದ್ದನ್ನು ಹೇಳುತ್ತಿದ್ದರು. ಆದ್ದರಿಂದ ಬಂಧುಗಳ ಸಲಹೆ ಬಂದಾಗ 'ಇದು ಸರಿಯೋ ತಪ್ಪೋ' ಎಂದು ಕೇಳುವ ಮೊದಲು 'ಇವರು ಇದನ್ನು ಎಲ್ಲಿ ನಿಂತು ನೋಡಿದ್ದಾರೆ' ಎಂದು ಕೇಳಿಕೊಳ್ಳಿ. ಆಗ ಸಿಟ್ಟೂ ಬರುವುದಿಲ್ಲ, ಆ ಸಲಹೆಯಲ್ಲಿ ಎಷ್ಟು ತೂಕವಿದೆ ಎಂಬುದೂ ಗೊತ್ತಾಗುತ್ತದೆ.

ಇನ್ನು 'ಬೆಳೆಯುವ ಸಿರಿ ಮೊಳಕೆಯಲ್ಲಿ.' ಮಾವ ಮೊಳಕೆ ಎಂದದ್ದು ಅಂಕಪಟ್ಟಿಯ ಕೊನೆಯ ಸಾಲಿಗೆ. ನಾನು ಅಂಕಪಟ್ಟಿ ತರಿಸಿದೆ. ಕನ್ನಡ 125ಕ್ಕೆ 121. ಇಂಗ್ಲಿಷ್ 78, ಹಿಂದಿ 94, ಗಣಿತ 67, ವಿಜ್ಞಾನ 69, ಸಮಾಜ 93. ಒಟ್ಟು 625ಕ್ಕೆ 522, ಅಂದರೆ ಶೇಕಡಾ 83.5. ಅವರೆಲ್ಲ ನೋಡಿದ್ದು ಅದೊಂದನ್ನೇ. ನಾನು ಒಂದು ಕಾಗದದ ಮೇಲೆ ಅದನ್ನು ಎರಡು ಪಾಲು ಮಾಡಿದೆ. ಗಣಿತ, ವಿಜ್ಞಾನ ಸೇರಿ 200ಕ್ಕೆ 136, ಶೇಕಡಾ 68. ಉಳಿದ ನಾಲ್ಕು ವಿಷಯ ಸೇರಿ 425ಕ್ಕೆ 386, ಶೇಕಡಾ 91ರ ಹತ್ತಿರ. ಒಂದೇ ಹುಡುಗಿ, ಎರಡು ಬೇರೆ ಬೇರೆ ಮೊಳಕೆ.

ಇಷ್ಟಕ್ಕೇ 'ಸೈನ್ಸ್ ಬೇಡ' ಎಂದು ಹೇಳಲು ಆಗುವುದಿಲ್ಲ. ಹತ್ತನೇ ತರಗತಿಯ ಗಣಿತದಲ್ಲಿ 67 ಬಂದವರು ಪಿಯುಸಿಯಲ್ಲಿ ಚೆನ್ನಾಗಿ ಓದಿದ್ದನ್ನೂ ಕಂಡಿದ್ದೇನೆ, 95 ಬಂದವರು ದೀಪಾವಳಿಯ ಹೊತ್ತಿಗೆ ಸೋತದ್ದನ್ನೂ ಕಂಡಿದ್ದೇನೆ. ಹತ್ತನೆಯ ಪರೀಕ್ಷೆ ಕಲಿತದ್ದನ್ನು ಅಳೆಯುತ್ತದೆ. ಮುಂದಿನ ಪಾಠ ಎದುರು ಬಂದಾಗ ಮಗು ಏನು ಮಾಡುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಬೀಜ ಮೊಳೆಯುತ್ತದೋ ಇಲ್ಲವೋ ತಿಳಿಯಬೇಕಾದರೆ ನಮ್ಮ ರೈತರು ಬಿತ್ತುವ ಮೊದಲು ಒಂದು ಮುಷ್ಟಿ ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಕಟ್ಟಿಟ್ಟು ನೋಡುತ್ತಾರೆ. ಹಾಗೇ ಮಾಡೋಣ ಎಂದೆ.

ಮಾವನಿಗೇ ಕೆಲಸ ಹೇಳಿದೆ: 'ನಾಳೆ ಕಲಬುರಗಿಗೆ ಹೋಗಿ ಮೊದಲ ಪಿಯುಸಿಯ ಗಣಿತ, ಭೌತಶಾಸ್ತ್ರದ ಹಳೆಯ ಪುಸ್ತಕ ತಂದು ಕೊಡಪ್ಪಾ.' ತಂದ. ಹದಿನೈದು ದಿನ, ದಿನಕ್ಕೆ ಎರಡು ತಾಸು. ಗಣಿತದಲ್ಲಿ ಮೊದಲ ಅಧ್ಯಾಯ ಗಣಗಳು ಮತ್ತು ಮೂರನೆಯ ಅಧ್ಯಾಯ ತ್ರಿಕೋನಮಿತಿ. ಭೌತಶಾಸ್ತ್ರದಲ್ಲಿ ಅಳತೆಯ ಮಾನಗಳು ಮತ್ತು ಸರಳರೇಖೆಯ ಚಲನೆ. ಉತ್ತರ ಸರಿ ಬಂತೇ ಎಂದು ನೋಡಬೇಡ, ಸಿಕ್ಕಿಕೊಂಡ ಮೇಲೆ ಮರುದಿನ ಅದೇ ಲೆಕ್ಕಕ್ಕೆ ತಾನಾಗಿ ತಿರುಗಿ ಬಂದೆಯಾ ಎಂಬುದನ್ನು ಮಾತ್ರ ವಹಿಯಲ್ಲಿ ಬರೆದಿಡು ಎಂದು ಹುಡುಗಿಗೆ ಹೇಳಿದೆ.

ಅವಳು ಕನ್ನಡ ಮಾಧ್ಯಮದಲ್ಲಿ ಓದಿದವಳು. ನಮ್ಮ ಹಳ್ಳಿಯ ಮಕ್ಕಳ ವಿಷಯದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಿಯುಸಿ ವಿಜ್ಞಾನದ ಪುಸ್ತಕ, ಪಾಠ ಹೆಚ್ಚಿನ ಕಡೆ ಇಂಗ್ಲಿಷಿನಲ್ಲೇ ನಡೆಯುತ್ತವೆ. ಜೂನ್ ತಿಂಗಳಲ್ಲಿ ಮಗು ಎರಡು ಹೊಸ ವಸ್ತು ಒಟ್ಟಿಗೆ ಕಲಿಯಬೇಕಾಗುತ್ತದೆ, ವಿಷಯವನ್ನೂ ಭಾಷೆಯನ್ನೂ. ಅಕ್ಕ ಫೇಲಾದದ್ದು ಯಾಕೆ ಎಂದು ನಾನು ಒಳಗೆ ಹೋಗಿ ಅವಳನ್ನೇ ಕೇಳಿದೆ. 'ಸರ್, ಲೆಕ್ಕ ತಿಳೀತಿತ್ತು. ಮೇಡಂ ಹೇಳಿದ್ದು ಬರಕೊಳ್ಳೋದರಾಗೇ ಪಾಠ ಮುಂದ ಹೋಗತಿತ್ತು. ಯಾರಿಗಿ ಕೇಳಬೇಕಂತ ಗೊತ್ತಾಗ್ಲಿಲ್ಲ' ಎಂದಳು. ನಾಲ್ಕು ವರ್ಷ ಆ ಮನೆಯಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. 'ಹಿರಿಯಕ್ಕನ ಚಾಳಿ' ಎಂದು ಅತ್ತೆ ಹೇಳಿದ ಗಾದೆ ಅಕ್ಕನನ್ನು ಬಾಗಿಲ ಹಿಂದೆ ಕಳಿಸಿತ್ತು. ಆ ಕಟ್ಟೆಯ ಮೇಲೆ ಪಿಯುಸಿ ವಿಜ್ಞಾನದ ಕೋಣೆಯಲ್ಲಿ ನಿಜವಾಗಿ ಕೂತು ಬಂದವಳು ಅವಳೊಬ್ಬಳೇ. ಫೇಲಾದವರ ಅನುಭವವನ್ನು ನಾವು ದಂಡ ಮಾಡುತ್ತೇವೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಚುಚ್ಚುವುದನ್ನು ಬಿಟ್ಟು ಅವರನ್ನು ಮೊದಲು ಕರೆದು ಕೂಡಿಸಿಕೊಳ್ಳಿ. ಯಾವ ತಿಂಗಳಲ್ಲಿ, ಯಾವ ಪಾಠದಲ್ಲಿ ಕೈ ಜಾರಿತು ಎಂದು ಅವರು ಹೇಳಬಲ್ಲರು.

ಆ ಹದಿನೈದು ದಿನದಲ್ಲಿ ಏನಾಯಿತು ಎಂದರೆ, ಭೌತಶಾಸ್ತ್ರವನ್ನು ಶಬ್ದಕೋಶ ಇಟ್ಟುಕೊಂಡು ದಿನಕ್ಕೆ ನಾಲ್ಕು ಪುಟ ಓದಿದಳು. ಆರನೆಯ ದಿನಕ್ಕೆ ಪುಸ್ತಕ ಮುಚ್ಚಿದಳು, ತಿರುಗಿ ಹೋಗಲಿಲ್ಲ. ಗಣಿತದಲ್ಲಿ ಗಣಗಳ ಅಧ್ಯಾಯ ಮುಗಿಸಿದಳು. ತ್ರಿಕೋನಮಿತಿಯಲ್ಲಿ ಕೋನವನ್ನು ಡಿಗ್ರಿಯಿಂದ ರೇಡಿಯನ್‌ಗೆ ತರುವಲ್ಲಿ ಸಿಕ್ಕಿಕೊಂಡಳು, ಮೂರು ದಿನ ಸತತ ಅದಕ್ಕೇ ತಿರುಗಿ ಬಂದಳು. ವಹಿಯಲ್ಲಿ ಅದೆಲ್ಲ ಬರೆದಿತ್ತು.

ಕಾಕಾನಿಗೂ ಒಂದು ಕೆಲಸ ಹೇಳಿದ್ದೆ. 'ದೂರದ ಬೆಟ್ಟ' ಎಂದವರ ಬೆಟ್ಟ ಗಂಜಿನಲ್ಲಿ ಹತ್ತಿರವೇ ಇತ್ತಲ್ಲ. 'ನಾಲ್ಕು ದಿನ ಹುಡುಗಿಯನ್ನ ಅಂಗಡಿಗಿ ಕರಕೊಂಡು ಹೋಗು. ನೀ ಮಾಡೋದನ್ನ ಅವಳ ಕೈಲಿ ಮಾಡಿಸು' ಎಂದೆ. ಅಡತಿ ಅಂಗಡಿಯಲ್ಲಿ ದಿನದ ವ್ಯವಹಾರ ಮೊದಲು ಕೀರ್ದಿಗೆ ಬೀಳುತ್ತದೆ. ಆಮೇಲೆ ಯಾವ ರೈತನ ಎಷ್ಟು ಚೀಲ, ಯಾರಿಗೆ ಎಷ್ಟು ಬಾಕಿ ಎಂದು ಖಾತೆಗೆ ಏರುತ್ತದೆ. ಮೂರನೆಯ ದಿನ ಎರಡೂ ತಾಳೆಯಾಗಲಿಲ್ಲ, 90 ರೂಪಾಯಿ ವ್ಯತ್ಯಾಸ ಬಂತು. ಕಾಕಾ ಒಂದು ಹಳೆಯ ಗುಟ್ಟು ಹೇಳಿಕೊಟ್ಟ: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು, ಅದನ್ನು ಮೊದಲು ಹುಡುಕು. ಹುಡುಕಿದಳು. 540 ಎಂದಿದ್ದದ್ದು ಖಾತೆಯಲ್ಲಿ 450 ಆಗಿತ್ತು.

ಇಷ್ಟಾದರೆ ಅದು ಅಂಗಡಿಯ ಕಥೆ. ನಾನು ಹೇಳಬೇಕೆಂದಿರುವುದು ರಾತ್ರಿ ನಡೆದದ್ದನ್ನು. ಮನೆಗೆ ಬಂದು ಅವಳು 72 ಮತ್ತು 27, 83 ಮತ್ತು 38, ಹೀಗೆ ಬೇರೆ ಬೇರೆ ಜೋಡಿ ತೆಗೆದು ಕಳೆದು ನೋಡಿದ್ದಾಳೆ. ಎಲ್ಲವೂ ಒಂಬತ್ತರ ಮಗ್ಗಿಯಲ್ಲೇ ಬಂದವು. ಯಾಕೆ ಹೀಗೆ ಎಂದು ಕೂತು, ಹತ್ತರ ಸ್ಥಾನದ ಅಂಕಿ ಬಿಡಿ ಸ್ಥಾನಕ್ಕೆ ಇಳಿದರೆ ತನ್ನ ಒಂಬತ್ತು ಪಟ್ಟು ಕಳೆದುಕೊಳ್ಳುತ್ತದೆ, ಬಿಡಿಯದು ಏರಿದರೆ ತನ್ನ ಒಂಬತ್ತು ಪಟ್ಟು ಗಳಿಸುತ್ತದೆ, ಆದ್ದರಿಂದ ವ್ಯತ್ಯಾಸ ಯಾವಾಗಲೂ ಒಂಬತ್ತರದೇ ಎಂದು ತಾನೇ ಕಂಡುಕೊಂಡಿದ್ದಾಳೆ. ಮರುದಿನ ನನಗೆ ಫೋನ್ ಮಾಡಿ ಅದನ್ನು ವಿವರಿಸಿದಳು. ಮೊಳಕೆ ಎಂದರೆ ನನಗೆ ಅದು. ಅಂಕಪಟ್ಟಿಯ 67ರೊಳಗೆ ಅದು ಕಂಡಿರಲಿಲ್ಲ.

ಈಗ ಮಾವನ ದೊಡ್ಡ ಮಾತಿಗೆ ಬರೋಣ. 'ಸೈನ್ಸ್ ತಗೊಂಡ್ರ ಎಲ್ಲಾ ಬಾಗಿಲೂ ತೆರೆದಿರ್ತಾವ' ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ. ಇದು ನಿಜ. ಎಂಜಿನಿಯರಿಂಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕೇ ಬೇಕು. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕು, ನೀಟ್ ಬರೆಯಬೇಕು. ಬಿಎಸ್ಸಿ ನರ್ಸಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿ ಇವೂ ವಿಜ್ಞಾನ ಓದಿದವರಿಗೇ. ಕಲೆ, ವಾಣಿಜ್ಯ ಓದಿ ಆ ಕಡೆ ಹೋಗಲು ಬರುವುದಿಲ್ಲ. ಆದರೆ ವಿಜ್ಞಾನ ಓದಿದವರು ಬಿಎ, ಬಿಕಾಂ, ಕಾನೂನು, ಡಿಎಡ್ ಯಾವುದಕ್ಕೂ ತಿರುಗಬಹುದು.

ಆದರೆ ಇದೇ ಮಾತನ್ನು ಇನ್ನೊಂದು ಕಡೆಯಿಂದ ನೋಡಿ. ಕೆಎಎಸ್, ಐಎಎಸ್ ಪರೀಕ್ಷೆಗೆ ಯಾವುದೇ ಪದವಿ ಸಾಕು. ಸಿಎ ಫೌಂಡೇಶನ್ ಪರೀಕ್ಷೆಗೆ ಯಾವ ವಿಭಾಗದಲ್ಲಿ ಹನ್ನೆರಡನೆಯದು ಮುಗಿಸಿದರೂ ನಡೆಯುತ್ತದೆ. ಅತ್ತೆ ಹೇಳಿದ ಪ್ರಾಥಮಿಕ ಶಿಕ್ಷಕಿಯ ದಾರಿಗೆ ಪಿಯುಸಿ ಆದಮೇಲೆ ಎರಡು ವರ್ಷದ ಡಿಎಡ್, ಆಮೇಲೆ ಟಿಇಟಿ, ಆಮೇಲೆ ನೇಮಕಾತಿ ಪರೀಕ್ಷೆ. ಅದಕ್ಕೂ ಕಲೆಯನ್ನೇ ಓದಿರಬೇಕೆಂದಿಲ್ಲ. ಅಂದರೆ ಅತ್ತೆ ತೋರಿಸಿದ ಬಾಗಿಲು ಮೂರೂ ಕಡೆಯಿಂದ ತೆರೆದೇ ಇರುತ್ತದೆ, ಅದಕ್ಕಾಗಿ ಈಗಲೇ ಜಗಳ ಆಡುವ ಅಗತ್ಯವಿರಲಿಲ್ಲ. ದೊಡ್ಡಪ್ಪನ ಡಿಪ್ಲೊಮಾವೂ ಮುಚ್ಚಿದ ಕೋಣೆಯಲ್ಲ. ಮೂರು ವರ್ಷ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಇದು ಕಟ್ಟೆಯ ಮೇಲೆ ಯಾರಿಗೂ ಗೊತ್ತಿರಲಿಲ್ಲ, ದೊಡ್ಡಪ್ಪನಿಗೂ ಗೊತ್ತಿರಲಿಲ್ಲ.

ನಾವು ಒಂದು ಹಾಳೆ ತೆಗೆದುಕೊಂಡು ಯಾವುದನ್ನು ಆರಿಸಿದರೆ ಯಾವ ಬಾಗಿಲು ಮುಚ್ಚುತ್ತದೆ ಎಂದಷ್ಟೇ ಬರೆದೆವು. ತೆರೆದಿರುವುದನ್ನು ಬರೆಯಲಿಲ್ಲ, ಅದರಿಂದ ಆಸೆ ಬೆಳೆಯುತ್ತದೆ ಹೊರತು ನಿರ್ಧಾರ ಆಗುವುದಿಲ್ಲ. ಮುಚ್ಚುವ ಬಾಗಿಲ ಪಟ್ಟಿಯನ್ನು ಹುಡುಗಿಯ ಕೈಗೆ ಕೊಟ್ಟು, ಇದರಲ್ಲಿ ಯಾವುದು ಮುಚ್ಚಿದರೆ ನಿನಗೆ ರಾತ್ರಿ ನಿದ್ದೆ ಬರುವುದಿಲ್ಲ ಹೇಳು ಎಂದೆ. ನರ್ಸಿಂಗ್ ಮೇಲೆ ಎರಡು ದಿನ ಬೆರಳಿಟ್ಟು ಕೂತಳು. ಅವ್ವನಿಗೆ ಕಾಯಿಲೆಯಾಗಿದ್ದಾಗ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಬಹಳ ಒಳ್ಳೆಯ ರೀತಿ ನೋಡಿಕೊಂಡಿದ್ದಳಂತೆ. ಮೂರನೆಯ ದಿನ ಅದರ ಮೇಲೆ ಗೆರೆ ಎಳೆದಳು.

ಎಲ್ಲ ಬಾಗಿಲು ತೆರೆದಿಡುವ ಮಾತಿಗೆ ಒಂದು ಮಿತಿ ಇದೆ. ವಿಜ್ಞಾನದ ಬಾಗಿಲುಗಳು ಪಾಸಾದವರಿಗೆ ತೆರೆದಿರುತ್ತವೆ. ಮೊದಲ ಪಿಯುಸಿಯಲ್ಲಿ ನಿಂತುಬಿಟ್ಟು ಬೇರೆ ವಿಭಾಗಕ್ಕೆ ಹೋಗಬೇಕಾದರೆ ಮತ್ತೆ ಮೊದಲ ವರ್ಷದಿಂದಲೇ ಶುರು. ಗಂಡುಮಗನಿಗೆ ಮನೆಯವರು ಆ ಒಂದು ವರ್ಷ ಕೊಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗಳಿಗೆ ಆ ವರ್ಷ ಸಿಗುವುದು ಅಪರೂಪ, ಅಷ್ಟರಲ್ಲಿ ವರ ನೋಡಲು ಶುರು ಮಾಡಿರುತ್ತಾರೆ. ಅಕ್ಕನಿಗೆ ಆದದ್ದು ಅದೇ. ಇದನ್ನು ಪಾಲಕರ ಮುಂದೆ ನಾನು ನೇರವಾಗಿ ಹೇಳುತ್ತೇನೆ: ಮಗಳನ್ನು ವಿಜ್ಞಾನಕ್ಕೆ ಕಳಿಸುವುದಾದರೆ, ಸೋತರೆ ಇನ್ನೊಂದು ವರ್ಷ ಕೊಡುತ್ತೇವೆ ಎಂಬ ಮಾತನ್ನು ಮೊದಲೇ ಕೊಟ್ಟು ಕಳಿಸಿ.

'ಹಾಸಿಗೆ ಇದ್ದಷ್ಟು ಕಾಲು ಚಾಚು.' ದೊಡ್ಡಪ್ಪ ಈ ಗಾದೆ ಹೇಳಿದಾಗ ಅಪ್ಪನ ತಲೆ ತಗ್ಗಿತು. ಬಡವರ ಮನೆಯಲ್ಲಿ ಈ ಗಾದೆ ಬಿದ್ದರೆ ಮುಂದೆ ಯಾರೂ ಮಾತಾಡುವುದಿಲ್ಲ. ಆದರೆ ಗಾದೆ ಹೇಳುವುದು ಹಾಸಿಗೆ 'ಇದ್ದಷ್ಟು' ಎಂದು. ಎಷ್ಟು ಇದೆ ಎಂದು ಮೊದಲು ಗೇಣು ಹಾಕಿ ನೋಡಬೇಕಲ್ಲವೇ? ಆ ಮನೆಯವರು ಮಾವ ಹೇಳಿದ ಹೈದರಾಬಾದಿನ ವಸತಿ ಕಾಲೇಜಿನ ಫೀಸು ಕೇಳಿ, ಪಿಯುಸಿ ಎಂದರೇ ಅಷ್ಟು ದುಡ್ಡು ಎಂದು ಹೆದರಿದ್ದರು. ಕೂತು ಲೆಕ್ಕ ಹಾಕಿದೆವು. ಕಲಬುರಗಿಯ ಸರ್ಕಾರಿ ಪಿಯು ಕಾಲೇಜಿನ ಪ್ರವೇಶ ವೆಚ್ಚ ಆ ಫೀಸಿನ ಪಕ್ಕದಲ್ಲಿ ಇಡುವಂಥದ್ದೇ ಅಲ್ಲ. ಬಸ್ಸಿನ ಖರ್ಚೇ ದೊಡ್ಡದು ಎಂದು ಅವರು ಅಂದುಕೊಂಡಿದ್ದರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮೆಟ್ರಿಕ್ ನಂತರದ ಹಾಸ್ಟೆಲ್ಲಿಗೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರ ಬೇಕು, ಅವನ್ನು ನಾಡಕಚೇರಿಯಲ್ಲಿ ಮಾಡಿಸಬೇಕು. ಆ ಕೆಲಸವನ್ನು ದೊಡ್ಡಪ್ಪನೇ ಮೈಮೇಲೆ ಹಾಕಿಕೊಂಡ. ಅಳೆದು ನೋಡಿದಾಗ ಹಾಸಿಗೆ ಅವರು ಅಂದುಕೊಂಡದ್ದಕ್ಕಿಂತ ಉದ್ದವಿತ್ತು. ಹೈದರಾಬಾದಿಗೆ ಸಾಲುವಷ್ಟು ಮಾತ್ರ ಇರಲಿಲ್ಲ, ಅದನ್ನೂ ಒಪ್ಪಿಕೊಂಡರು.

ಹೈದರಾಬಾದು, ಲಾತೂರು ಎಂದು ನಮ್ಮ ಭಾಗದಿಂದ ಎಷ್ಟೋ ಮಕ್ಕಳು ಕೋಚಿಂಗಿಗೆ ಹೋಗುತ್ತಾರೆ. ಹೋಗಬಾರದು ಎನ್ನಲಾರೆ, ಕೆಲವರಿಗೆ ಅದು ದಕ್ಕಿದೆ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಭಾವನೆಯಿಂದ ಹೋಗುತ್ತಿದ್ದರೆ ಮಾತ್ರ ಒಂದು ಸಂಗತಿ ತಿಳಿದುಕೊಂಡು ಹೋಗಿ. ಸಂವಿಧಾನದ 371(ಜೆ) ವಿಧಿಯ ಕೆಳಗೆ 2013ರಲ್ಲಿ ಆದ ಆದೇಶದ ಪ್ರಕಾರ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70 ಸೀಟು ನಮ್ಮ ಮಕ್ಕಳಿಗೆ ಮೀಸಲು, ಉಳಿದ ಕರ್ನಾಟಕದ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ನಮ್ಮ ಹಿತ್ತಲಲ್ಲಿ ಇಷ್ಟು ಗಿಡ ಬೆಳೆದಿರುವುದನ್ನು ನೋಡದೆ ಬೇರೆ ಊರಿನ ಮದ್ದಿಗೆ ಹೊಲ ಒತ್ತೆ ಇಡಬೇಡಿ.

ಮಾವನ ಮನಸ್ಸು ನೋಯದ ಹಾಗೆ ಹೇಳುವುದು ಹೇಗೆ ಎಂಬುದೇ ಆ ಹುಡುಗಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆಯಾಗಿತ್ತು. ಮಕ್ಕಳೇ, ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ನಾಳೆ ಮನೆಗೆ ಕಷ್ಟ ಬಂದರೆ ಕೈ ಹಿಡಿಯುವವರು ಇದೇ ಮಾವ, ಇದೇ ಕಾಕಾ. ಅವಳಿಗೆ ನಾನು ನಮ್ಮ ಆಯಿ ಹೇಳುತ್ತಿದ್ದ ಒಂದು ಗಾದೆ ನೆನಪಿಸಿದೆ: 'ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಲ್ಲಿಯ ತನಕ?' ಸಾಮಾನ್ಯವಾಗಿ ಇದನ್ನು ಪರರ ಬುದ್ಧಿ ಬಹಳ ದಿನ ಬಾಳುವುದಿಲ್ಲ ಎಂಬ ಅರ್ಥದಲ್ಲಿ ಹೇಳುತ್ತೇವೆ. ಬುತ್ತಿ ಕಟ್ಟುವ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು, ಎಲ್ಲ ಬುತ್ತಿಯೂ ಒಂದೇ ಅಲ್ಲ. ಪಲ್ಯ ಮರುದಿನಕ್ಕೆ ಕೆಡುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ತಿಂಗಳಗಟ್ಟಲೆ ಬರುತ್ತವೆ. ಮಾವನ ಮಾತಿನಲ್ಲಿ 'ಎಂಜಿನಿಯರ್ ಆಗು' ಎನ್ನುವುದು ಪಲ್ಯ. 'ಗಣಿತ ಬಿಡಬೇಡ' ಎನ್ನುವುದು ಕಟಕ ರೊಟ್ಟಿ. ಅದನ್ನು ಆರಿಸಿಕೊಂಡು ಗಂಟು ಕಟ್ಟಿಕೋ, ಕಟ್ಟಿಕೊಂಡದ್ದನ್ನು ಮಾವನಿಗೆ ತೋರಿಸಿ ಹೇಳು ಎಂದೆ.

ಅವಳು ವಾಣಿಜ್ಯ ಆರಿಸಿದಳು. ಅದರಲ್ಲೂ ಎಸ್‌ಇಬಿಎ, ಅಂದರೆ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಸಂಖ್ಯಾಶಾಸ್ತ್ರದ ಬದಲು ಇತಿಹಾಸ ಇರುವ ಎಚ್‌ಇಬಿಎ ಸಲೀಸು, ಅದನ್ನೇ ತಗೋ ಎಂದು ಪ್ರವೇಶದ ಮೇಜಿನಲ್ಲಿ ಯಾರೋ ಹೇಳಿದರಂತೆ. ಸಮಾಜದಲ್ಲಿ 93 ತೆಗೆದ ಹುಡುಗಿಗೆ ಅದು ಸಲೀಸೇ ಆಗುತ್ತಿತ್ತು. ಅವಳು ಒಪ್ಪಲಿಲ್ಲ. ಮಾವನಿಗೆ ಫೋನ್ ಹಚ್ಚಿ ಹೇಳಿದ್ದು ಹೀಗೆ: 'ಮಾಮಾ, ನೀ ಪುಸ್ತಕ ತಂದು ಕೊಟ್ಟಿದ್ದಕ್ಕೇ ನನಗ ಗೊತ್ತಾಯ್ತು, ಲೆಕ್ಕ ಬಿಡಬಾರದು ಅಂತ. ಅದಕ್ಕೇ ಸ್ಟ್ಯಾಟಿಸ್ಟಿಕ್ಸ್ ಇರೋದು ತಗೊಂಡೀನಿ. ಮುಂದ ಸಿಎ ಫೌಂಡೇಶನ್ ಬರೀತೀನಿ. ಪುಸ್ತಕ ನೀನೇ ತರಬೇಕು.' ಮಾವ ಆವತ್ತು ಜಾಸ್ತಿ ಮಾತಾಡಲಿಲ್ಲ. ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಆದರೆ ಹಬ್ಬಕ್ಕೆ ಬಂದಾಗ 'ಲೆಕ್ಕ ಹೆಂಗ ನಡದದ?' ಎಂದು ಕೇಳುತ್ತಾನೆ.

ಇದನ್ನು ಕೇಳಿ ಯಾರೂ ವಾಣಿಜ್ಯವೇ ಒಳ್ಳೆಯದು ಎಂದು ಹೋಗಬೇಡಿ. ಅದೇ ವಾರ ಯಾದಗಿರಿ ಕಡೆಯ ಒಬ್ಬ ಹುಡುಗ ಇದೇ ಹದಿನೈದು ದಿನದ ಪರೀಕ್ಷೆ ಮಾಡಿಕೊಂಡ. ಭೌತಶಾಸ್ತ್ರದ ಲೆಕ್ಕಗಳನ್ನು ನಡುರಾತ್ರಿಯವರೆಗೆ ಬಿಡಿಸಿದ. ಮನೆಯವರೆಲ್ಲ ಐಟಿಐ ಎಂದರೂ ಅವನು ವಿಜ್ಞಾನ ವಿಭಾಗದ ಪಿಸಿಎಂಸಿಗೆ ಹೋದ, ಸರಿಯಾಗಿಯೇ ಹೋದ.

ಕೊನೆಯದಾಗಿ ಈ ವಾರವೇ ಮಾಡಬೇಕಾದ ಒಂದು ಕೆಲಸ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎನ್ನುವ ಗಾದೆಯನ್ನು ನಾನು ಎರಡು ವರ್ಷ ಆದಮೇಲೆ ಸಿಇಟಿ ದಾಖಲೆ ಪರಿಶೀಲನೆಯ ಸಾಲಿನಲ್ಲಿ ನಿಂತ ಪಾಲಕರ ಮುಖದಲ್ಲಿ ಕಾಣುತ್ತೇನೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಎರಡಕ್ಕೂ ಲೆಕ್ಕ ಹಿಡಿಯುವುದು ಒಂದರಿಂದ ಹತ್ತರವರೆಗಿನ ಓದನ್ನು. ಪಿಯುಸಿ ಎಲ್ಲೇ ಓದಿದರೂ ಆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಸಹಿ. ಪ್ರಾಥಮಿಕ ಒಂದು ಶಾಲೆ, ಪ್ರೌಢ ಇನ್ನೊಂದು ಶಾಲೆ ಆಗಿದ್ದರೆ ಎರಡೂ ಕಡೆಯಿಂದ ಬೇಕು. ವರ್ಗಾವಣೆ ಪತ್ರ ತರಲು ಶಾಲೆಗೆ ಹೋಗುತ್ತೀರಲ್ಲ, ಅದೇ ದಿನ ಅದನ್ನೂ ಬರೆಸಿಕೊಂಡು ಬನ್ನಿ. 371(ಜೆ) ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ ಬರುವುದು, ಅದಕ್ಕೆ ದಿನ ಹಿಡಿಯುತ್ತದೆ. ಆ ಹುಡುಗಿಯ ಮನೆಯಲ್ಲಿ ಈ ಕಾಗದಗಳನ್ನೆಲ್ಲ ಕೂಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟವಳು ಅಕ್ಕ. ಹಾಗೆ ಮಾಡುವಾಗ ತನ್ನ ಹತ್ತನೆಯ ಅಂಕಪಟ್ಟಿಯನ್ನೂ ಹೊರಗೆ ತೆಗೆದು, ಖಾಸಗಿಯಾಗಿ ಪಿಯುಸಿ ಪರೀಕ್ಷೆ ಕಟ್ಟಲು ಬರುತ್ತದೆಯೇ ಎಂದು ನನ್ನನ್ನು ಕೇಳಿದಳು. ಬರುತ್ತದೆ ಎಂದೆ.